ಬಸುರಿಯ ಮೊದಲ ತಿಂಗಳುಗಳ ವಾಂತಿಗೆ ಶುಂಠಿ: ಎಷ್ಟು ಸಾಕು, ಯಾವಾಗ ಡಾಕ್ಟರಿಗೆ ಫೋನ್ ಮಾಡಬೇಕು

ಕುಮಟಾ, ಅಂಕೋಲಾ ಕಡೆ ಬಸುರಿಯರ ತಪಾಸಣೆಯ ದಿನಗಳಲ್ಲಿ ನಾನು ವರ್ಷಗಟ್ಟಲೆ ನರ್ಸ್ ಆಗಿ ಕೆಲಸ ಮಾಡಿದ್ದೇನೆ. ಶುಂಠಿ ಬಗ್ಗೆ ಕೇಳದೆ ಹೋದ ಹುಡುಗಿಯರು ಕಡಿಮೆ. ಅರ್ಧ ಜನ "ತಿಂದರೆ ಮಗುವಿಗೆ ಏನಾದರೂ ಆಗುತ್ತದಾ" ಎಂದು ಹೆದರಿ ಬಂದವರು. ಇನ್ನರ್ಧ ಜನ ಮನೆಮದ್ದು ಅಲ್ವಾ ಎಂದು ಲೆಕ್ಕವಿಲ್ಲದೆ ಕುಡಿದು ಬಂದವರು. ಇಬ್ಬರಿಗೂ ಬೇಕಾಗಿದ್ದದ್ದು ಒಂದೇ: ಅಳತೆ. ಅದಕ್ಕೇ ಈ ಪುಟದಲ್ಲಿ ಅಳತೆಯ ಮಾತೇ ಜಾಸ್ತಿ ಇದೆ.

ಶುಂಠಿಯಿಂದ ನಿಜವಾಗಿಯೂ ವಾಂತಿ ನಿಲ್ಲುತ್ತದಾ?

ವಾಕರಿಕೆ ಕಡಿಮೆಯಾಗುತ್ತದೆ. ವಾಂತಿಯ ಮೇಲೆ ಅಷ್ಟು ಪರಿಣಾಮ ಇಲ್ಲ. ಇವೆರಡನ್ನೂ ಬೇರೆ ಬೇರೆ ಮಾಡಿ ನೋಡಬೇಕು.

ಹೊಟ್ಟೆ ತೊಳಸಿದ ಹಾಗೆ ಆಗುವುದು, ಅನ್ನದ ಹಬೆ ಮೂಗಿಗೆ ಬಡಿದರೆ ಎದ್ದು ಓಡುವುದು, ಬಾಯಲ್ಲಿ ನೀರು ಬರುವುದು, ಇದೆಲ್ಲ ವಾಕರಿಕೆ. ಸಾಧಾರಣ ಮಟ್ಟದಲ್ಲಿದ್ದರೆ ಶುಂಠಿ ಇದನ್ನು ತಗ್ಗಿಸುತ್ತದೆ. ದಿನಕ್ಕೆ ಆರೇಳು ಸಲ ವಾಂತಿ ಆಗಿ ನೀರೂ ನಿಲ್ಲದ ಸ್ಥಿತಿ ಬೇರೆ. ಅದಕ್ಕೆ ಶುಂಠಿ ಸಾಲುವುದಿಲ್ಲ.

ಶುಂಠಿಯ ಖಾರಕ್ಕೆ ಕಾರಣವಾದ ಜಿಂಜರಾಲ್, ಶೋಗಾಲ್ ಎಂಬ ಅಂಶಗಳೇ ಇಲ್ಲಿ ಕೆಲಸ ಮಾಡುವುದು. ಹೊಟ್ಟೆಯಿಂದ ಮೆದುಳಿಗೆ ವಾಂತಿಯ ಸುದ್ದಿ ಮುಟ್ಟಿಸುವ ನರಗಳನ್ನು ಅವು ಸ್ವಲ್ಪ ಸುಮ್ಮನಾಗಿಸುತ್ತವೆ. ಹೊಟ್ಟೆಯಲ್ಲಿ ತಿಂದದ್ದು ಬೇಗ ಮುಂದಕ್ಕೆ ಸಾಗಲೂ ಸಹಾಯ ಮಾಡುತ್ತವೆ. ಶುಂಠಿ ಒಣಗಿದಾಗ ಜಿಂಜರಾಲಿನ ಒಂದು ಪಾಲು ಶೋಗಾಲ್ ಆಗಿ ಬದಲಾಗುತ್ತದೆ. ಶೋಗಾಲಿಗೆ ಖಾರ ಜಾಸ್ತಿ. ಒಣಶುಂಠಿ ಪುಡಿಯ ಒಂದು ಚಿಟಿಕೆ ಗಂಟಲಿಗೆ ಅಷ್ಟು ಚುರುಕಾಗಿ ತಾಗುವುದು ಇದಕ್ಕೇ.

ದಿನಕ್ಕೆ ಎಷ್ಟು ಶುಂಠಿ ತಗೊಂಡರೆ ತೊಂದರೆ ಇಲ್ಲ?

ಒಣಶುಂಠಿ ಪುಡಿಯಾದರೆ ಇಡೀ ದಿನಕ್ಕೆ 1 ಗ್ರಾಂ. ಹಸಿ ಶುಂಠಿಯಾದರೆ ಸುಮಾರು 5 ಗ್ರಾಂ. ಎರಡರಲ್ಲಿ ಒಂದು. ಎರಡನ್ನೂ ಪೂರ್ತಿ ತೆಗೆದುಕೊಳ್ಳುವಂತಿಲ್ಲ.

ಬಸುರಿಯರ ಮೇಲೆ ನಡೆದ ಹೆಚ್ಚಿನ ಪರೀಕ್ಷೆಗಳಲ್ಲಿ ಕೊಟ್ಟಿದ್ದು ಸುಮಾರು ಇಷ್ಟೇ. 2001ರಲ್ಲಿ ಪ್ರಕಟವಾದ ಥಾಯ್ಲೆಂಡಿನ ಒಂದು ಪರೀಕ್ಷೆಯಲ್ಲಿ 70 ಮಂದಿ ಬಸುರಿಯರಿದ್ದರು. ಅವರಲ್ಲಿ 32 ಮಂದಿಗೆ 250 ಮಿಲಿಗ್ರಾಂ ಶುಂಠಿಪುಡಿಯ ಕ್ಯಾಪ್ಸೂಲ್ ದಿನಕ್ಕೆ ನಾಲ್ಕು ಸಲ, ಹಾಗೆ ನಾಲ್ಕು ದಿನ ಕೊಟ್ಟರು. ಉಳಿದವರಿಗೆ ಶುಂಠಿ ಇಲ್ಲದ, ನೋಡಲು ಹಾಗೇ ಕಾಣುವ ಕ್ಯಾಪ್ಸೂಲ್. ಶುಂಠಿ ತಗೊಂಡವರ ವಾಕರಿಕೆ ಎದ್ದು ಕಾಣುವಷ್ಟು ಕಡಿಮೆಯಾಯಿತು. ನಾಲ್ಕು ಸಲ 250 ಮಿಲಿಗ್ರಾಂ ಎಂದರೆ ಒಟ್ಟು 1 ಗ್ರಾಂ. ನಾನು ಹೇಳುವ ಅಳತೆಯೂ ಇದೇ.

ಅಡುಗೆಮನೆಯಲ್ಲಿ 1 ಗ್ರಾಂ ಅಳೆಯುವುದು ಹೇಗೆ ಎನ್ನುವುದೇ ದೊಡ್ಡ ಪ್ರಶ್ನೆ. ಮಕ್ಕಳ ಸಿರಪ್ ಬಾಟಲಿಯ ಜೊತೆ ಒಂದು ಅಳತೆ ಮುಚ್ಚಳ ಬರುತ್ತದಲ್ಲ, ಅದರಲ್ಲಿ 2.5 ಎಂಎಲ್ ಗೆರೆ ಇರುತ್ತದೆ. ಒಣಗಿದ ಮುಚ್ಚಳಕ್ಕೆ ಆ ಗೆರೆಯವರೆಗೆ ಪುಡಿ ಹಾಕಿ, ಒತ್ತಬೇಡಿ. ಅದು ಹತ್ತಿರ ಹತ್ತಿರ 1 ಗ್ರಾಂ. ಅದನ್ನು ಒಂದು ಕಾಗದದ ಮೇಲೆ ಸುರಿದು ನಾಲ್ಕು ಪಾಲು ಮಾಡಿ. ಒಂದು ಪಾಲು ಒಂದು ಹೊತ್ತಿಗೆ. ನೋಡಲು ಒಂದು ದೊಡ್ಡ ಚಿಟಿಕೆಯಷ್ಟು ಇರುತ್ತದೆ. "ಇಷ್ಟೇನಾ?" ಎಂದು ಎಲ್ಲರೂ ಕೇಳುತ್ತಾರೆ. ಹೌದು, ಇಷ್ಟೇ.

ಹಸಿ ಶುಂಠಿಗೆ ಇನ್ನೂ ಸುಲಭದ ದಾರಿ ಇದೆ. ಅಂಗಡಿಯಲ್ಲಿ 50 ಗ್ರಾಂ ತೂಗಿಸಿ ತನ್ನಿ. ಮಣ್ಣು ತೊಳೆದು, ಒರೆಸಿ, ಕಣ್ಣಳತೆಯಲ್ಲಿ ಹತ್ತು ಸಮ ತುಂಡು ಮಾಡಿ. ಒಂದು ತುಂಡು ಒಂದು ದಿನಕ್ಕೆ. ಆ ತುಂಡನ್ನು ಬೆಳಿಗ್ಗೆಯೇ ಒಂದು ಬಟ್ಟಲಲ್ಲಿ ತೆಗೆದಿಡಿ. ಕಷಾಯಕ್ಕೆ, ಚಹಾಕ್ಕೆ, ತಂಬುಳಿಗೆ ಏನೇ ಬೇಕಾದರೂ ಅದರಿಂದಲೇ ಕತ್ತರಿಸಿಕೊಳ್ಳಿ. ಬಟ್ಟಲು ಖಾಲಿಯಾದರೆ ಆ ದಿನದ ಶುಂಠಿ ಮುಗಿಯಿತು. ನಾನು ಹೇಳಿಕೊಟ್ಟ ಎಲ್ಲ ಉಪಾಯಗಳಲ್ಲಿ ಹುಡುಗಿಯರು ಬಿಡದೆ ಪಾಲಿಸಿದ್ದು ಇದೊಂದನ್ನೇ.

ಮನೆಯವರಿಗೆಲ್ಲ ಮಾಡಿದ ಅಡುಗೆಯಲ್ಲಿರುವ ಶುಂಠಿಯನ್ನೂ ಲೆಕ್ಕ ಹಿಡಿಯಬೇಕಾ?

ಸಾರು, ಪಲ್ಯದ ಒಗ್ಗರಣೆಯಲ್ಲಿ ನಾಲ್ಕು ಚೂರು ಬಿದ್ದಿದ್ದರೆ ಬಿಟ್ಟುಬಿಡಿ. ಶುಂಠಿಯೇ ಮುಖ್ಯವಾಗಿರುವ ಪದಾರ್ಥ ಇದ್ದರೆ ಹಿಡಿಯಿರಿ. ಶಿರಸಿ, ಸಿದ್ದಾಪುರದ ಕಡೆ ಶುಂಠಿ ತಂಬುಳಿಗೆ ನಾಲ್ಕು ಜನಕ್ಕೆ ಹೆಬ್ಬೆರಳು ಗಾತ್ರದ ಶುಂಠಿ ಹಾಕುವ ಮನೆಗಳಿವೆ. ಅದು 15, 20 ಗ್ರಾಂ ಆಗಬಹುದು. ನಿಮ್ಮ ಪಾಲಿಗೇ 4, 5 ಗ್ರಾಂ ಬಂತು. ಆ ದಿನ ಬೇರೆ ಶುಂಠಿ ಬೇಡ.

ಕಷಾಯದ ಪುಡಿಯನ್ನು ವಿಶೇಷವಾಗಿ ನೋಡಿ. ಮನೆಯಲ್ಲಿ ಕುಟ್ಟಿದ್ದಾದರೆ ಕೊತ್ತಂಬರಿ, ಜೀರಿಗೆ, ಮೆಂತೆ, ಕಾಳುಮೆಣಸಿನ ಜೊತೆ ಒಣಶುಂಠಿ ಎಷ್ಟು ಹಾಕಿದ್ದಾರೆ ಎಂದು ಕೇಳಬಹುದು. ಪೇಟೆಯ ಪುಡಿಯಲ್ಲಿ ಅದು ಗೊತ್ತಾಗುವುದಿಲ್ಲ. ಕೆಲವು ಪುಡಿಗಳಲ್ಲಿ ಜ್ಯೇಷ್ಠಮಧುವೂ ಇರುತ್ತದೆ. ಬಸುರಿಯಲ್ಲಿ ಅದನ್ನು ದಿನವೂ ಕುಡಿಯುವುದು ಒಳ್ಳೆಯದಲ್ಲ. ಪ್ಯಾಕೆಟ್ಟಿನ ಹಿಂದೆ ಹೆಸರು ಓದಿ. ಹೆಸರುಗಳೇ ಬರೆದಿಲ್ಲ ಎಂದಾದರೆ ಈ ಮೂರು ತಿಂಗಳು ಆ ಪುಡಿ ಬದಿಗಿರಲಿ.

ಮಾವಿನ ಶುಂಠಿಯಿಂದ ಆಗುತ್ತದಾ?

ಅದು ಶುಂಠಿಯಲ್ಲ, ಅರಿಶಿನದ ಜಾತಿಯ ಗಡ್ಡೆ. ಮಾವಿನಕಾಯಿಯ ವಾಸನೆ ಬರುತ್ತದೆ, ಬಾಯಿಗೆ ರುಚಿ ಕೊಡುತ್ತದೆ. ಊಟದ ಜೊತೆ ಒಂದೆರಡು ಚೂರು ತಂಬುಳಿಯಲ್ಲೋ ಉಪ್ಪಿನಕಾಯಿಯಲ್ಲೋ ತಿಂದರೆ ಏನಿಲ್ಲ. ಆದರೆ ಮೇಲೆ ಹೇಳಿದ ಪರೀಕ್ಷೆ, ಅಳತೆ ಯಾವುದೂ ಅದಕ್ಕೆ ಹೊಂದುವುದಿಲ್ಲ. ಮದ್ದು ಎಂದು ಅದನ್ನು ತಿನ್ನಬೇಡಿ.

ಶುಂಠಿ ಉಷ್ಣ, ಗರ್ಭ ನಿಲ್ಲುವುದಿಲ್ಲ ಎಂದು ಅತ್ತೆ ಹೇಳುತ್ತಾರೆ. ನಿಜವಾ?

ಅಡುಗೆಯ ಅಳತೆಯಲ್ಲಿ, ದಿನಕ್ಕೆ 1 ಗ್ರಾಂ ಒಣಶುಂಠಿಯ ಒಳಗೆ, ಗರ್ಭಪಾತ ಹೆಚ್ಚಾದದ್ದು ಕಂಡುಬಂದಿಲ್ಲ. ನಾರ್ವೆ ದೇಶದಲ್ಲಿ ಸುಮಾರು 68 ಸಾವಿರ ಬಸುರಿಯರ ಮಾಹಿತಿ ನೋಡಿದ ಒಂದು ದೊಡ್ಡ ಅಧ್ಯಯನ 2013ರಲ್ಲಿ ಬಂತು. ಅವರಲ್ಲಿ ಸಾವಿರಕ್ಕೂ ಸ್ವಲ್ಪ ಜಾಸ್ತಿ ಜನ ಶುಂಠಿ ತಗೊಂಡಿದ್ದರು. ಅವರ ಮಕ್ಕಳಲ್ಲಿ ಹುಟ್ಟು ದೋಷ ಹೆಚ್ಚಾಗಿರಲಿಲ್ಲ.

ಆದರೆ ಅತ್ತೆಯ ಮಾತನ್ನು ತಳ್ಳಿಹಾಕಲು ನಾನು ಹೇಳುತ್ತಿಲ್ಲ. ಅವರು ಕಂಡದ್ದು ಬಾಣಂತಿ ಲೇಹದ ಶುಂಠಿ. ಅದರಲ್ಲಿ ಒಣಶುಂಠಿ ಮುಷ್ಟಿಗಟ್ಟಲೆ ಬೀಳುತ್ತದೆ, ಹೆರಿಗೆ ಆದ ಮೇಲೆ ತಿನ್ನುವಂಥದ್ದು. ಅಷ್ಟು ಶುಂಠಿ ಬಸುರಿಯಲ್ಲಿ ಬೇಡ ಎಂದರೆ ಅದು ಸರಿಯಾದ ಮಾತೇ. "ಅತ್ತೆ, ದಿನಕ್ಕೆ ಒಂದು ಚೂರೇ, ನೀವೇ ತೆಗೆದಿಟ್ಟುಕೊಡಿ" ಎಂದು ಬಟ್ಟಲನ್ನು ಅವರ ಕೈಗೇ ಕೊಟ್ಟ ಸೊಸೆಯರಿದ್ದಾರೆ. ಆ ಮನೆಗಳಲ್ಲಿ ಜಗಳವೂ ಆಗಲಿಲ್ಲ, ಅಳತೆಯೂ ತಪ್ಪಲಿಲ್ಲ.

ಯಾವ ಹೊತ್ತಿಗೆ, ಹೇಗೆ ತಗೊಳ್ಳಬೇಕು?

ಪೂರಾ ಖಾಲಿ ಹೊಟ್ಟೆಗೆ ಬೇಡ. ಬೆಳಿಗ್ಗೆ ಎದ್ದ ಕೂಡಲೇ ಶುಂಠಿನೀರು ಕುಡಿದರೆ ಎದೆ ಉರಿ ಬಂದು, ಆ ಉರಿಗೇ ವಾಂತಿ ಆಗುತ್ತದೆ. ರಾತ್ರಿ ಮಲಗುವಾಗಲೇ ತಲೆದಿಂಬಿನ ಹತ್ತಿರ ಒಂದು ಡಬ್ಬಿಯಲ್ಲಿ ಮಂಡಕ್ಕಿಯೋ ರಸ್ಕೋ ಇಟ್ಟುಕೊಳ್ಳಿ. ಏಳುವ ಮೊದಲು, ಮಲಗಿದಲ್ಲೇ ಒಂದು ಹಿಡಿ ತಿನ್ನಿ. ಹದಿನೈದು ಇಪ್ಪತ್ತು ನಿಮಿಷ ಬಿಟ್ಟು ನಿಧಾನ ಎದ್ದು, ಆಮೇಲೆ ಶುಂಠಿಯ ಮೊದಲ ಪಾಲು.

ಹಸಿ ಶುಂಠಿಯ ಕಾಲು ತುಂಡನ್ನು ಜಜ್ಜಿ ಒಂದು ಲೋಟ ನೀರಲ್ಲಿ ಐದು ನಿಮಿಷ ಕುದಿಸಿ ಸೋಸಿ. ಚೂರು ಬೆಲ್ಲ ಹಾಕಿಕೊಳ್ಳಬಹುದು. ಬಿಸಿ ಹಬೆಯಿಂದಲೇ ವಾಕರಿಕೆ ಬರುವವರು ಆರಿಸಿ ಕುಡಿಯಲಿ. ಒಂದೇ ಸಲ ಗಟಗಟ ಬೇಡ, ಗುಟುಕು ಗುಟುಕಾಗಿ ಅರ್ಧ ಗಂಟೆ ತಗೊಳ್ಳಿ. ಉಳಿದ ಪಾಲುಗಳನ್ನು ಮಧ್ಯಾಹ್ನ, ಸಂಜೆ, ರಾತ್ರಿ ಊಟದ ಆಸುಪಾಸು ಹಂಚಿ. ರಾತ್ರಿಯ ಪಾಲು ಕುಡಿದ ಕೂಡಲೇ ಮಲಗಬೇಡಿ.

ದೇವಿಮನೆ ಘಟ್ಟ ಇಳಿದು ಕುಮಟೆಗೆ ಬಸ್ಸಲ್ಲಿ ಹೋಗುವ ದಿನ ಒಂದು ಪಾಲನ್ನು ಹೊರಡುವ ಅರ್ಧ ಗಂಟೆ ಮೊದಲಿಗೆ ಉಳಿಸಿಕೊಳ್ಳಿ. ತಿರುವಿನ ವಾಕರಿಕೆ ಬಸುರಿಯ ವಾಕರಿಕೆಯ ಜೊತೆ ಸೇರಿದರೆ ತುಂಬಾ ಕಷ್ಟ.

ಶುಂಠಿ ಪೆಪ್ಪರಮಿಂಟ್, ಶುಂಠಿ ಸೋಡಾ, ಕ್ಯಾಪ್ಸೂಲ್?

ಪೆಪ್ಪರಮಿಂಟಿನಲ್ಲಿ, ಸೋಡಾದಲ್ಲಿ ಸಕ್ಕರೆಯೇ ಜಾಸ್ತಿ. ಶುಂಠಿ ಎಷ್ಟಿದೆ ಎಂದು ಗೊತ್ತಾಗುವುದಿಲ್ಲ. ಬಾಯಿ ಕೆಟ್ಟಾಗ ಒಂದು ಚೀಪಬಹುದು, ಅಷ್ಟೇ. ಕ್ಯಾಪ್ಸೂಲ್ ಮತ್ತು ಗಟ್ಟಿ ಸಾರದ ಬಾಟಲಿಗಳನ್ನು ಡಾಕ್ಟರಿಗೆ ತೋರಿಸದೆ ತಗೊಳ್ಳಬೇಡಿ. ಸಾರ ಎಂದರೆ ಸ್ವಲ್ಪದರಲ್ಲೇ ಬಹಳ ಶುಂಠಿಯ ಶಕ್ತಿ ಇರುತ್ತದೆ. ಅದಕ್ಕೆ ನಮ್ಮ ಗ್ರಾಂ ಲೆಕ್ಕ ಹೊಂದುವುದಿಲ್ಲ.

ಜಾಸ್ತಿ ಆಯಿತು ಎಂದು ಹೇಗೆ ಗೊತ್ತಾಗುತ್ತದೆ?

ಎದೆ ಉರಿ, ಹುಳಿ ತೇಗು, ಹೊಟ್ಟೆಯ ಮೇಲ್ಭಾಗದಲ್ಲಿ ಉರಿ, ಕೆಲವರಿಗೆ ಭೇದಿ. ಕಷ್ಟ ಏನೆಂದರೆ ಎದೆ ಉರಿ ಬಸುರಿಯಲ್ಲಿ ಹೇಗೂ ಬರುತ್ತದೆ. ಹಾಗಾಗಿ ಶುಂಠಿಯ ಮೇಲೆ ಯಾರಿಗೂ ಸಂಶಯ ಬರುವುದಿಲ್ಲ. ಒಂದು ಉದಾಹರಣೆ ಹೇಳುತ್ತೇನೆ.

ಘಟ್ಟದ ಮೇಲಿನ ಹಳ್ಳಿಯ ಹುಡುಗಿ, ಮೊದಲ ಬಸುರಿ, ಎಂಟನೇ ವಾರ ದಾಟಿತ್ತು. ಬಸುರಿ ಆಗುವ ಮೊದಲು ತೂಕ 48 ಕೆಜಿ. ಆರನೇ ವಾರದಿಂದ ವಾಕರಿಕೆ. ಮನೆಯಲ್ಲಿ ಎಲ್ಲರೂ ಪ್ರೀತಿಯಿಂದಲೇ ಶುಂಠಿ ಕೊಡುತ್ತಿದ್ದರು. ಬೆಳಿಗ್ಗೆ ಖಾಲಿ ಹೊಟ್ಟೆಗೆ ಒಣಶುಂಠಿ ಕಷಾಯ, ಒಂದು ಚಮಚ ಪುಡಿ ಹಾಕಿ. ಸಂಜೆ ಮತ್ತೊಂದು ಸಲ ಅದೇ. ಮಧ್ಯಾಹ್ನ ತಂಬುಳಿ, ಅವಳಿಗೆಂದೇ ಖಾರ ಮಾಡಿ, ಸುಮಾರು 10 ಗ್ರಾಂ ಹಸಿ ಶುಂಠಿ.

ಲೆಕ್ಕ ಹಾಕಿ ನೋಡೋಣ. ಒಂದು ಮಟ್ಟಸ ಟೀ ಚಮಚ ಪುಡಿ ಸುಮಾರು 2 ಗ್ರಾಂ. ಎರಡು ಹೊತ್ತಿಗೆ 4 ಗ್ರಾಂ. ಹಸಿ ಶುಂಠಿ 10 ಗ್ರಾಂ ಎಂದರೆ ಒಣಶುಂಠಿ 2 ಗ್ರಾಂ ಇದ್ದ ಹಾಗೆ. ಒಟ್ಟು 6 ಗ್ರಾಂ. ಬೇಕಾದದ್ದರ ಆರು ಪಟ್ಟು.

ಮೂರನೇ ದಿನಕ್ಕೆ ಅವಳಿಗೆ ಎದೆ ಉರಿ. ವಾಂತಿಯಲ್ಲಿ ತಿಂದದ್ದಕ್ಕಿಂತ ಹುಳಿನೀರೇ ಜಾಸ್ತಿ. ವಾಂತಿ ಹೆಚ್ಚಾಯಿತು ಎಂದು ಮನೆಯವರು ಶುಂಠಿ ಇನ್ನೂ ಸ್ವಲ್ಪ ಏರಿಸಿದರು. ವಾಂತಿ ಕಷಾಯ ಕುಡಿದ ಅರ್ಧ ಗಂಟೆಯೊಳಗೆ ಬರುತ್ತಿತ್ತು, ಉಳಿದ ಹೊತ್ತು ಕಡಿಮೆ ಇತ್ತು. ಅದನ್ನು ಯಾರೂ ಗಮನಿಸಲಿಲ್ಲ. ಗುರುತು ಅದೇ: ಶುಂಠಿ ಒಳಗೆ ಹೋದ ಸ್ವಲ್ಪ ಹೊತ್ತಿಗೇ ಉರಿ ಮತ್ತು ವಾಂತಿ ಬಂದರೆ ಶುಂಠಿ ಪೂರ್ತಿ ನಿಲ್ಲಿಸಿ, ಒಂದೆರಡು ದಿನ ನೋಡಿ.

ಅವಳ ವಿಷಯದಲ್ಲಿ ಆ ಒಂದೆರಡು ದಿನವೂ ಇರಲಿಲ್ಲ. ತಪಾಸಣೆಗೆ ಬಂದಾಗ ತೂಕ 45.5 ಕೆಜಿ. ಬೆಳಿಗ್ಗೆ 5 ಗಂಟೆಗೆ ಮೂತ್ರಕ್ಕೆ ಹೋದವಳು ಮಧ್ಯಾಹ್ನ 2 ಗಂಟೆಯಾದರೂ ಮತ್ತೆ ಹೋಗಿರಲಿಲ್ಲ. ನಿಂತರೆ ಕಣ್ಣು ಕತ್ತಲೆ. 48 ಕೆಜಿಯಲ್ಲಿ ನೂರಕ್ಕೆ 5 ಎಂದರೆ 2.4 ಕೆಜಿ. ಅವಳದ್ದು ಎರಡೂವರೆ ಹೋಗಿತ್ತು. ಈ ಗೆರೆ ದಾಟಿದ ವಾಂತಿಯನ್ನು ಡಾಕ್ಟರರು ಮಾಮೂಲಿ ಬಸುರಿ ವಾಂತಿ ಎಂದು ಬಿಡುವುದಿಲ್ಲ. ಮೂತ್ರ ಪರೀಕ್ಷೆಯಲ್ಲಿ ಕೀಟೋನ್ ಕಂಡಿತು. ಹೊಟ್ಟೆಗೆ ಏನೂ ನಿಲ್ಲದೆ ಮೈಯ ಕೊಬ್ಬೇ ಕರಗುತ್ತಿದೆ ಎಂಬ ಗುರುತು ಅದು. ಆಸ್ಪತ್ರೆಯಲ್ಲಿ ಥಯಮಿನ್ ಎಂಬ ಬಿ1 ವಿಟಮಿನ್ ಕೊಟ್ಟು, ಸಲೈನ್ ಹಾಕಿ, ವಾಂತಿ ನಿಲ್ಲುವ ಇಂಜೆಕ್ಷನ್ ಕೊಟ್ಟರು. ಅವಳಿ ಮಗುವೇ, ಗರ್ಭದಲ್ಲಿ ಬೇರೆ ತೊಂದರೆಯೇ ಎಂದು ನೋಡಲು ಸ್ಕ್ಯಾನ್ ಮಾಡಿದರು, ಥೈರಾಯ್ಡ್ ನೋಡಿದರು. ಎರಡೂ ಸರಿಯಿತ್ತು. ಮೂರನೇ ದಿನ ಗಂಜಿ ನಿಂತಿತು.

ಶುಂಠಿಯೇ ಅವಳನ್ನು ಆಸ್ಪತ್ರೆಗೆ ತಂದಿತು ಎಂದು ನಾನು ಹೇಳುವುದಿಲ್ಲ. ಅವಳ ವಾಂತಿ ಮೊದಲೇ ಜೋರಾಗಿದ್ದಿರಬಹುದು. ಆದರೆ ಶುಂಠಿಯ ಉರಿ ಅದನ್ನು ಹೆಚ್ಚಿಸಿತು. ಅದಕ್ಕಿಂತ ದೊಡ್ಡ ನಷ್ಟ ಎಂದರೆ, ಮದ್ದು ನಡೆಯುತ್ತಿದೆಯಲ್ಲ ಎಂಬ ಸಮಾಧಾನದಲ್ಲಿ ನಾಲ್ಕು ದಿನ ಹೋಯಿತು.

ಯಾರು ಶುಂಠಿಯನ್ನು ಮದ್ದಾಗಿ ತಗೊಳ್ಳಬಾರದು?

ರಕ್ತ ತೆಳುವಾಗಲು ಮಾತ್ರೆ ಅಥವಾ ಇಂಜೆಕ್ಷನ್ ನಡೆಯುತ್ತಿದ್ದವರು ಡಾಕ್ಟರನ್ನು ಕೇಳದೆ ತಗೊಳ್ಳಬಾರದು. ಹಿಂದೆ ಗರ್ಭ ನಿಲ್ಲದವರಿಗೆ ಆಸ್ಪಿರಿನ್, ಹೆಪಾರಿನ್ ಕೊಡುವುದುಂಟು. ಹೃದಯದ ಕವಾಟದ ತೊಂದರೆ ಇದ್ದವರಿಗೆ ಬೇರೆ ಮಾತ್ರೆ ಇರುತ್ತದೆ. ಶುಂಠಿಗೂ ರಕ್ತ ಹೆಪ್ಪುಗಟ್ಟುವುದನ್ನು ಸ್ವಲ್ಪ ತಡೆಯುವ ಗುಣ ಇದೆ. ಎರಡೂ ಸೇರಬಾರದು. ಈಗಾಗಲೇ ರಕ್ತದ ಕಲೆ ಕಾಣುತ್ತಿದ್ದರೆ ಶುಂಠಿ ಬಿಟ್ಟು ಅದೇ ದಿನ ತೋರಿಸಿ. ಪಿತ್ತಕೋಶದಲ್ಲಿ ಕಲ್ಲು ಇದ್ದವರು, ಹುಣ್ಣಿನ ತೊಂದರೆ ಇದ್ದವರೂ ಕೇಳಿಯೇ ತಗೊಳ್ಳಿ.

ಸಕ್ಕರೆ ಕಾಯಿಲೆಗೆ ಇನ್ಸುಲಿನ್ ತಗೊಳ್ಳುವವರಿಗೆ ಶುಂಠಿಗಿಂತ ವಾಂತಿಯೇ ದೊಡ್ಡ ಅಪಾಯ. ಇನ್ಸುಲಿನ್ ಒಳಗೆ ಹೋಗಿ ಊಟ ಹೊರಗೆ ಬಂದರೆ ಸಕ್ಕರೆ ಇಳಿದುಬಿಡುತ್ತದೆ. ನೀವು ಮೊದಲ ವಾಂತಿಯ ದಿನವೇ ಫೋನ್ ಮಾಡಿ.

ಎಷ್ಟು ದಿನ ನೋಡಬೇಕು? ಗುಣ ಕಾಣದಿದ್ದರೆ?

ನಾಲ್ಕೈದು ದಿನ ಸರಿಯಾದ ಅಳತೆಯಲ್ಲಿ ತಗೊಂಡೂ ವ್ಯತ್ಯಾಸ ಇಲ್ಲ ಎಂದರೆ ನಿಮಗೆ ಶುಂಠಿ ಒಗ್ಗುವುದಿಲ್ಲ. ಅಳತೆ ಏರಿಸುವುದು ಉತ್ತರವಲ್ಲ. ಡಾಕ್ಟರರ ಹತ್ತಿರ ಮಾತ್ರೆ ಇದೆ. ಡಾಕ್ಸಿಲಮೈನ್ ಮತ್ತು ಪಿರಿಡಾಕ್ಸಿನ್ ಸೇರಿದ ಮಾತ್ರೆಯನ್ನು ಬಸುರಿಯ ವಾಂತಿಗೆಂದೇ ಬಹಳ ವರ್ಷಗಳಿಂದ ಕೊಡುತ್ತಿದ್ದಾರೆ. ಪಿರಿಡಾಕ್ಸಿನ್ ಎಂದರೆ ಬಿ6 ವಿಟಮಿನ್. ಈ ಮಾತ್ರೆ ಮಗುವಿಗೆ ಹಾನಿ ಮಾಡುವುದಿಲ್ಲ ಎಂದು ಚೆನ್ನಾಗಿ ಪರೀಕ್ಷೆಯಾಗಿದೆ. ನಿದ್ದೆ ತರುತ್ತದೆ, ಅದಕ್ಕೇ ಸಾಮಾನ್ಯವಾಗಿ ರಾತ್ರಿಯಿಂದ ಶುರು ಮಾಡುತ್ತಾರೆ. "ಮಾತ್ರೆ ಬೇಡ, ಮನೆಮದ್ದೇ ಸಾಕು" ಎಂದು ಹಟ ಹಿಡಿದು ಒಣಗಿದವರನ್ನು ನೋಡಿದ್ದೇನೆ. ಹೊಟ್ಟೆಗೆ ಅನ್ನ ನಿಲ್ಲುವುದು ಮುಖ್ಯ.

ಇನ್ನೊಂದು ವಿಷಯ. ಮೊದಲ ಮೂರು ತಿಂಗಳಲ್ಲೇ ಕಬ್ಬಿಣದ ಮಾತ್ರೆ ಶುರು ಮಾಡಿದ್ದೀರಾ? ಅದೂ ವಾಕರಿಕೆ ತರುತ್ತದೆ. ನೀವೇ ನಿಲ್ಲಿಸಬೇಡಿ, ಸ್ವಲ್ಪ ಮುಂದೆ ಹಾಕಬಹುದಾ ಎಂದು ಕೇಳಿ. ಫೋಲಿಕ್ ಆಸಿಡ್ ಮಾತ್ರ ಬಿಡಬಾರದು.

ಡಾಕ್ಟರಿಗೆ ಯಾವಾಗ ಫೋನ್ ಮಾಡಬೇಕು?

ಮೊದಲು ಮೂತ್ರ ನೋಡಿ. ಎಷ್ಟು ಸಲ ವಾಂತಿ ಆಯಿತು ಎನ್ನುವುದಕ್ಕಿಂತ ಒಳಗೆ ಎಷ್ಟು ನೀರು ಉಳಿಯಿತು ಎನ್ನುವುದು ಮುಖ್ಯ. ಅದನ್ನು ಹೇಳುವುದು ಮೂತ್ರ. ಎಂಟು ಗಂಟೆ ಮೂತ್ರ ಬಂದಿಲ್ಲ, ಅಥವಾ ಬಂದದ್ದು ಕಡು ಚಹಾದ ಬಣ್ಣ ಇದೆ ಎಂದರೆ ಆಗಲೇ ಫೋನ್ ಮಾಡಿ. ಇಡೀ ದಿನದಲ್ಲಿ, ಅಂದರೆ 24 ಗಂಟೆಯಲ್ಲಿ, ತಿಂದದ್ದು ಕುಡಿದದ್ದು ಏನೂ ನಿಂತಿಲ್ಲ ಎಂದರೂ ಅಷ್ಟೇ.

ಎದ್ದು ನಿಂತರೆ ತಲೆ ತಿರುಗುವುದು, ಎದೆ ಡವಡವ ಹೊಡೆದುಕೊಳ್ಳುವುದು, ತೂಕ ಇಳಿಯುವುದು, ಇವೂ ಫೋನಿನ ಕಾರಣಗಳೇ. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ, ಬೆಳಿಗ್ಗೆ ಮೂತ್ರ ಹೋಗಿ ಬಂದ ಮೇಲೆ ತೂಕ ನೋಡಿ ತಾಯಿ ಕಾರ್ಡಿನ ಹಿಂದೆ ಬರೆದಿಡಿ. 50 ಕೆಜಿ ಇದ್ದವರಿಗೆ ಎರಡೂವರೆ ಕೆಜಿ ಇಳಿದರೆ ಅದು ಗೆರೆ. ಅಲ್ಲಿಯವರೆಗೆ ಕಾಯಬೇಕು ಎಂದಲ್ಲ, ಒಂದು ಕೆಜಿ ಇಳಿದಾಗಲೇ ಆಶಾ ಕಾರ್ಯಕರ್ತೆಗೆ ಹೇಳಿ.

ಕೆಲವು ಗುರುತುಗಳು ಕಂಡರೆ ಅದು ಬಸುರಿಯ ವಾಂತಿಯೇ ಅಲ್ಲದಿರಬಹುದು. ಜ್ವರ, ಉರಿಮೂತ್ರ, ಸೊಂಟದ ಒಂದು ಪಕ್ಕ ನೋವು ಇದ್ದರೆ ಮೂತ್ರದ ಸೋಂಕು ಇರಬಹುದು. ಭೇದಿಯೂ ಇದ್ದರೆ ನೀರಿನ ಅಥವಾ ಊಟದ ದೋಷ ಇರಬಹುದು. ಒಂಬತ್ತನೇ ವಾರದವರೆಗೆ ಏನೂ ಇಲ್ಲದೆ, ಆಮೇಲೆ ಮೊದಲ ಸಲ ವಾಂತಿ ಶುರುವಾದರೆ ಖಂಡಿತ ತೋರಿಸಬೇಕು. ಬಸುರಿಯ ವಾಕರಿಕೆ ಸಾಮಾನ್ಯವಾಗಿ ಅದಕ್ಕೆ ಮೊದಲೇ ಶುರುವಾಗಿರುತ್ತದೆ.

ಫೋನಿಗೆ ಕಾಯದೆ ನೇರ ಆಸ್ಪತ್ರೆಗೆ ಹೋಗಬೇಕಾದದ್ದು ಇವಕ್ಕೆ: ವಾಂತಿಯಲ್ಲಿ ರಕ್ತ ಅಥವಾ ಕಾಫಿಪುಡಿಯಂಥ ಕಪ್ಪು, ಜೋರಾದ ಹೊಟ್ಟೆನೋವು, ಕೆಳಗಿನಿಂದ ರಕ್ತಸ್ರಾವ, ಎಚ್ಚರ ತಪ್ಪುವುದು, ಮಾತು ತೊದಲುವುದು ಅಥವಾ ಗೊಂದಲ, ಎರಡೆರಡಾಗಿ ಕಾಣುವುದು, ನಡೆಯುವಾಗ ತೂರಾಡುವುದು. ಕೊನೆಯ ಮೂರು ನಾಲ್ಕು ಗುರುತು ಅಪರೂಪ. ವಾರಗಟ್ಟಲೆ ವಾಂತಿಯಾಗಿ ಬಿ1 ವಿಟಮಿನ್ ತೀರಾ ಇಳಿದಾಗ ಬರುತ್ತವೆ. ತಡವಾದರೆ ಮೆದುಳಿಗೆ ಪೆಟ್ಟು ಬೀಳುತ್ತದೆ. ಅದಕ್ಕೇ ಬಹಳ ದಿನ ವಾಂತಿಯಾದವರಿಗೆ ಮನೆಯ ಹತ್ತಿರ ಸುಮ್ನೆ ಒಂದು ಗ್ಲೂಕೋಸ್ ಬಾಟಲಿ ಹಾಕಿಸುವುದು ಸರಿಯಲ್ಲ. ಥಯಮಿನ್ ಮೊದಲು ಹೋಗಬೇಕು, ಗ್ಲೂಕೋಸ್ ಆಮೇಲೆ.

ನಮ್ಮದು ಒಳಗಿನ ಹಳ್ಳಿ. ಮಳೆಗಾಲದಲ್ಲಿ ರಾತ್ರಿ ಹೊರಡಲು ಆಗುವುದಿಲ್ಲ. ಏನು ಮಾಡಲಿ?

ನಿಮ್ಮ ಗಡಿಯಾರ ಪೇಟೆಯವರಿಗಿಂತ ಮುಂದೆ ಇರಲಿ. ಕಾರವಾರದ ಪೇಟೆಯಲ್ಲಿರುವವರು ರಾತ್ರಿ 9ಕ್ಕೂ ಜಿಲ್ಲಾ ಆಸ್ಪತ್ರೆಗೆ ಹೋಗಬಹುದು. ಯಲ್ಲಾಪುರ, ಜೋಯಿಡಾ, ಸಿದ್ದಾಪುರದ ಒಳಗಿನವರಿಗೆ ಆಷಾಢದಲ್ಲಿ ಮರ ಬಿದ್ದರೆ ದಾರಿ ಇಲ್ಲ, ಕರೆಂಟು ಹೋದರೆ ನೆಟ್‌ವರ್ಕೂ ಇಲ್ಲ. ಮಧ್ಯಾಹ್ನ 12 ಗಂಟೆಗೆ ಲೆಕ್ಕ ನೋಡಿ: ಬೆಳಿಗ್ಗೆಯಿಂದ ಒಮ್ಮೆಯೂ ಮೂತ್ರ ಬಂದಿಲ್ಲ, ಕುಡಿದ ನೀರು ನಿಲ್ಲುತ್ತಿಲ್ಲ ಎಂದಾದರೆ ಸಂಜೆಗೆ ಕಾಯದೆ ಹೊರಡಿ. ವಾಹನ ಇಲ್ಲದಿದ್ದರೆ 108ಕ್ಕೆ ಕರೆ ಮಾಡಿ. ಬಸುರಿ, ಎಷ್ಟನೇ ತಿಂಗಳು, ನೀರು ನಿಲ್ಲುತ್ತಿಲ್ಲ ಎಂದು ಮೊದಲ ಮಾತಿಗೇ ಹೇಳಿ.

ಶುಂಠಿಯ ಜೊತೆ ಏನು ಕುಡಿಯಬಹುದು, ತಿನ್ನಬಹುದು?

ವಾಂತಿಯಾದ ಕೂಡಲೇ ಏನೂ ಬೇಡ, ಹದಿನೈದು ನಿಮಿಷ ಹೊಟ್ಟೆಗೆ ಬಿಡುವು ಕೊಡಿ. ಬಾಯನ್ನು ಬರೀ ನೀರಲ್ಲಿ ಮುಕ್ಕಳಿಸಿ. ಹಲ್ಲುಜ್ಜುವುದು ಅರ್ಧ ಗಂಟೆ ಬಿಟ್ಟು, ಇಲ್ಲವಾದರೆ ಹುಳಿಗೆ ಮೆತ್ತಗಾದ ಹಲ್ಲು ಸವೆಯುತ್ತದೆ. ಆಮೇಲೆ ಐದು ನಿಮಿಷಕ್ಕೆ ಎರಡು ಚಮಚದಂತೆ ಉಪ್ಪು ಹಾಕಿದ ಗಂಜಿತಿಳಿ, ಎಳನೀರು ಅಥವಾ ಓಆರ್‌ಎಸ್. ದೊಡ್ಡ ಓಆರ್‌ಎಸ್ ಪ್ಯಾಕೆಟ್ಟನ್ನು ಪೂರ್ತಿ ಒಂದು ಲೀಟರ್ ನೀರಿಗೇ ಹಾಕಬೇಕು, ಲೋಟಕ್ಕೆ ಚೂರು ಚೂರು ಹಾಕಿದರೆ ಉಪ್ಪಿನ ಲೆಕ್ಕ ತಪ್ಪುತ್ತದೆ.

ಕೆಲವರಿಗೆ ತಣ್ಣಗಿನ ಅಪ್ಪೆಹುಳಿ, ಮುರುಗಲ ಪಾನಕ ನಿಲ್ಲುತ್ತದೆ. ಎದೆ ಉರಿ ಇಲ್ಲದಿದ್ದರೆ ಕುಡಿಯಲಿ. ಕರಾವಳಿಯ ಮನೆಗಳಲ್ಲಿ ಬಂಗುಡೆ ಹುರಿಯುವ, ಒಣಮೀನು ಸುಡುವ ವಾಸನೆ ಬಹಳ ಹುಡುಗಿಯರಿಗೆ ತಡೆಯುವುದಿಲ್ಲ. ಈ ಆರೇಳು ವಾರ ಆ ಕೆಲಸ ಹೊರಗಿನ ಒಲೆಯಲ್ಲಿ, ಬೇರೆಯವರ ಕೈಯಲ್ಲಿ ಆಗಲಿ. ಇದು ಲಾಡ ಮಾಡುವುದಲ್ಲ.

ಶುಂಠಿ ಯಾವಾಗ ನಿಲ್ಲಿಸಬೇಕು?

ವಾಕರಿಕೆ ಸಾಮಾನ್ಯವಾಗಿ ಒಂಬತ್ತನೇ ವಾರದ ಸುಮಾರಿಗೆ ಜೋರಾಗಿ, ಹನ್ನೆರಡರಿಂದ ಹದಿನಾಲ್ಕನೇ ವಾರಕ್ಕೆ ಇಳಿಯುತ್ತದೆ. ಇಳಿದ ಮೇಲೆ ದಿನದ ಬಟ್ಟಲು ಬೇಡ, ಅಡುಗೆಯಲ್ಲಿ ಬಿದ್ದಷ್ಟು ಸಾಕು. ಹೆರಿಗೆಯ ದಿನ ಹತ್ತಿರ ಬಂದಾಗ, ಅಥವಾ ಆಪರೇಷನ್ ಗೊತ್ತಾದಾಗ, ರಕ್ತದ ಕಾರಣಕ್ಕೆ ಮದ್ದಿನ ಅಳತೆಯ ಶುಂಠಿ ಬೇಡವೇ ಬೇಡ. ಇಪ್ಪತ್ತನೇ ವಾರ ದಾಟಿಯೂ ವಾಂತಿ ಇದ್ದರೆ, ಅಥವಾ ನಿಂತದ್ದು ಆಮೇಲೆ ಮತ್ತೆ ಶುರುವಾಗಿ ತಲೆನೋವು, ಕಣ್ಣು ಮಂಜು, ಪಕ್ಕೆಲುಬಿನ ಕೆಳಗೆ ನೋವು ಇದ್ದರೆ, ಅದೇ ದಿನ ರಕ್ತದೊತ್ತಡ ನೋಡಿಸಿ. ಅದು ಶುಂಠಿಯ ವಿಷಯವೇ ಅಲ್ಲ.

ಫೋನ್ ಮಾಡಿದಾಗ ಏನು ಹೇಳಬೇಕು?

"ತುಂಬಾ ವಾಂತಿ" ಎಂದರೆ ಆ ಕಡೆಯವರಿಗೆ ಏನೂ ತಿಳಿಯುವುದಿಲ್ಲ. ಒಂದು ಚೀಟಿಯಲ್ಲಿ ಬರೆದುಕೊಂಡು ಓದಿ: ಎಷ್ಟನೇ ವಾರ, ಕೊನೆಯ ಸಲ ಮೂತ್ರಕ್ಕೆ ಹೋದದ್ದು ಎಷ್ಟು ಗಂಟೆಗೆ, ಕೊನೆಯ ಸಲ ನೀರು ನಿಂತದ್ದು ಯಾವಾಗ, ಮೊದಲಿನ ತೂಕ ಮತ್ತು ಈಗಿನ ತೂಕ, ಜ್ವರ ಅಥವಾ ನೋವು ಇದೆಯಾ, ಯಾವ ಮಾತ್ರೆ ನಡೆಯುತ್ತಿದೆ. ಕೊನೆಗೆ ಶುಂಠಿಯನ್ನೂ ಹೇಳಿ, ಹಸಿಯೋ ಒಣದೋ, ದಿನಕ್ಕೆ ಎಷ್ಟು, ಎಷ್ಟು ದಿನದಿಂದ. ಮನೆಮದ್ದು ಎಂದರೆ ಬೈಯುತ್ತಾರೆ ಎಂದು ಬಹಳ ಮಂದಿ ಮುಚ್ಚಿಡುತ್ತಾರೆ. ಬೈದರೂ ಪರವಾಗಿಲ್ಲ, ಹೇಳಿ. ಆ ಒಂದು ಮಾತಿನಿಂದ ನಿಮಗೆ ಕೊಡುವ ಮಾತ್ರೆ ಬದಲಾಗಬಹುದು.